ವಯಸ್ಸು ಮತ್ತು ವಿಮೆ

ಟರ್ಮ್ ವಿಮೆಯ ಪ್ರೀಮಿಯಂ ಸಾಮಾನ್ಯವಾಗಿ ಪಾಲಿಸಿ ಕೊಂಡ ದಿನದ ವಯಸ್ಸು ಮತ್ತು ಆರೋಗ್ಯಕ್ಕೆ ತಕ್ಕಂತೆ ನಿಗದಿಯಾಗಿ, ಅವಧಿ ಮುಗಿಯುವವರೆಗೂ ಬದಲಾಗುವುದಿಲ್ಲ. ಆರೋಗ್ಯ ವಿಮೆ ಹಾಗಲ್ಲ; ವಯಸ್ಸು ಏರಿದಂತೆ ನವೀಕರಣದ ಪ್ರೀಮಿಯಂ ಕೂಡ ಏರುತ್ತದೆ. ಹಾಗಾದರೆ ಬೇಗ ಕೊಳ್ಳುವುದರ ಲಾಭವೇನು? ಅದು ಕಾಯುವ ಅವಧಿಯಲ್ಲಿದೆ.

ಮೂವತ್ತರಲ್ಲಿ ಆರೋಗ್ಯವಂತರಾಗಿ ಪಾಲಿಸಿ ಕೊಂಡವರಿಗೆ ಮೂವತ್ತೈದರಲ್ಲಿ ಮಧುಮೇಹ ಬಂದರೆ, ಅದು ಮೊದಲೇ ಇದ್ದ ಕಾಯಿಲೆ ಎನಿಸುವುದಿಲ್ಲ. ಅದರಿಂದಾದ ಆಸ್ಪತ್ರೆ ವೆಚ್ಚಕ್ಕೆ ರಕ್ಷಣೆ ಸಿಗುತ್ತದೆ. ಅದೇ ಮಧುಮೇಹವಿಟ್ಟುಕೊಂಡು ನಲವತ್ತೈದರಲ್ಲಿ ಕೊಂಡವರು ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ 36 ತಿಂಗಳವರೆಗೆ ಕಾಯಬೇಕಾಗಬಹುದು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 48 ತಿಂಗಳಿದ್ದ ಈ ಮಿತಿಯನ್ನು ಇಳಿಸಿತು. ಕಣ್ಣಿನ ಪೊರೆ, ಮಂಡಿ ಚಿಪ್ಪು ಬದಲಾವಣೆಯಂಥ ಚಿಕಿತ್ಸೆಗಳಿಗೂ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ. ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಪರಿಹಾರವಿಲ್ಲ.

ಅರವತ್ತರ ನಂತರ ಕೊಳ್ಳುವ ಪಾಲಿಸಿಗಳಲ್ಲಿ ಸಹಪಾವತಿ ಷರತ್ತು ಹೆಚ್ಚು. ಅದು ಶೇ. 20 ಆಗಿದ್ದರೆ, ಒಪ್ಪಿಗೆಯಾದ 3 ಲಕ್ಷ ರೂಪಾಯಿ ಬಿಲ್ಲಿನಲ್ಲಿ 60 ಸಾವಿರವನ್ನು ರೋಗಿಯೇ ಕಟ್ಟಬೇಕು.

ಯಾವ ವಯಸ್ಸಿನಲ್ಲಾದರೂ ಇರುವ ಕಾಯಿಲೆಯನ್ನು ಮುಚ್ಚಿಟ್ಟರೆ ಕ್ಲೇಮು ತಿರಸ್ಕೃತವಾಗಬಹುದು. ಆರೋಗ್ಯ ವಿಮೆಯಲ್ಲಿ ಸತತ 60 ತಿಂಗಳು ಕಳೆದ ಮೇಲೆ, ವಂಚನೆ ಸಾಬೀತಾಗದ ಹೊರತು, ಕಂಪನಿ ಈ ಆಕ್ಷೇಪ ಎತ್ತುವಂತಿಲ್ಲ.