ಮರೆತ ಪಾಸ್‌ವರ್ಡಿನ ಮೇಲ್ ಯಾರ ಕೈಗೆ?

2015ರ ಜುಲೈ. ಮದುವೆಯಾದವರಿಗೆ ಗುಟ್ಟಿನ ಸಂಬಂಧ ಹುಡುಕಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ ಆಶ್ಲೆ ಮ್ಯಾಡಿಸನ್ ಎಂಬ ಕೆನಡಾದ ಜಾಲತಾಣಕ್ಕೆ ಕನ್ನ ಬಿದ್ದಿದೆ ಎಂಬ ಸುದ್ದಿ ಹೊರಬಿತ್ತು. ಸದಸ್ಯರ ಪಟ್ಟಿ ಇನ್ನೂ ಬಹಿರಂಗವಾಗಿರಲಿಲ್ಲ. ಅಷ್ಟರಲ್ಲಿ ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ ಇನ್ನೊಂದು ಸಂಗತಿಯತ್ತ ಬೆರಳು ಮಾಡಿದರು. ಒಬ್ಬರು ಅಲ್ಲಿ ಸದಸ್ಯರೋ ಅಲ್ಲವೋ ಎಂದು ತಿಳಿಯಲು ಕನ್ನ ಹಾಕುವ ಕಷ್ಟವೇ ಬೇಕಿಲ್ಲ, ‘ಪಾಸ್‌ವರ್ಡ್ ಮರೆತಿರಾ?’ ಎಂಬ ಪುಟವೊಂದೇ ಸಾಕು.

ತಾಣದವರು ಈ ಅಪಾಯ ಗೊತ್ತಿಲ್ಲದವರೇನಲ್ಲ. ಯಾವ ಇಮೇಲ್ ಕೊಟ್ಟರೂ ಪುಟ ಒಂದೇ ಮಾತು ಹೇಳುತ್ತಿತ್ತು: ಈ ವಿಳಾಸ ನಮ್ಮಲ್ಲಿದ್ದರೆ ನಿಮಗೊಂದು ಮೇಲ್ ಬರುತ್ತದೆ. ಮಾತೇನೋ ಸರಿಯಾಗಿತ್ತು, ಎಡವಟ್ಟಾದದ್ದು ಅದರ ಕೆಳಗೆ. ಖಾತೆ ಇಲ್ಲದ ಇಮೇಲ್ ಹಾಕಿದರೆ ಆ ಮಾತಿನ ಕೆಳಗೆ ಇಮೇಲ್ ತುಂಬುವ ಚೌಕ ಮತ್ತು ಗುಂಡಿ ಹಾಗೇ ಉಳಿಯುತ್ತಿದ್ದವು. ಖಾತೆ ಇದ್ದರೆ ಎರಡೂ ಮಾಯ. ಪಕ್ಕದ ಮನೆಯವನ ಇಮೇಲ್ ಗೊತ್ತಿದ್ದವರು ಅದನ್ನು ಅಲ್ಲಿ ಹಾಕಿ, ಚೌಕ ಉಳಿಯಿತೋ ಹೋಯಿತೋ ನೋಡಿದರೆ ಅವನ ಗುಟ್ಟು ಹೊರಗೆ ಬಂದ ಹಾಗೆ.

ಪಾಸ್‌ವರ್ಡ್ ಮರುಹೊಂದಿಸುವ ಲಿಂಕ್‌ಗಳ ತೊಂದರೆಯೇ ಇದು. ವೆಬ್ ಡೆವಲಪರ್‌ಗಳಿಗೆ ಮೂರು ನಿಯಮಗಳು ಬಾಯಿಪಾಠವಾಗಿರುತ್ತವೆ: ಖಾತೆಯ ಸುಳಿವು ಕೊಡಬೇಡ, ಲಿಂಕ್ ಬೇಗ ಸಾಯಲಿ, ಒಮ್ಮೆ ಮಾತ್ರ ನಡೆಯಲಿ. ನಿಯಮ ಪಾಲಿಸಿದ್ದೇವೆ ಎಂದು ಅವರು ನೆಮ್ಮದಿಯಾಗಿರುವಾಗಲೇ ಬೇರೆಲ್ಲೋ ಸೋರಿಕೆ ನಡೆದಿರುತ್ತದೆ.

ಸುಳಿವು ಕೊಡುವುದು ಕಣ್ಣಿಗೆ ಕಾಣುವ ಪುಟವೇ ಆಗಬೇಕೆಂದಿಲ್ಲ, ಗಡಿಯಾರವೂ ಚಾಡಿ ಹೇಳುತ್ತದೆ. ಖಾತೆ ಇಲ್ಲದಿದ್ದರೆ ಸರ್ವರಿಗೆ ಮಾಡಲು ಕೆಲಸವಿಲ್ಲ, ಉತ್ತರ ಥಟ್ಟನೆ ಬರುತ್ತದೆ. ಇದ್ದರೆ ಟೋಕನ್ ತಯಾರಿಸಿ, ಮೇಲ್ ಸರ್ವರಿನೊಡನೆ ಮಾತಾಡಿ, ಆಮೇಲೆ ಉತ್ತರಿಸಬೇಕು, ಅಲ್ಲಿಗೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತಡವಾಯಿತು. ಸಾವಿರ ಇಮೇಲ್‌ಗಳನ್ನು ಸ್ಕ್ರಿಪ್ಟ್ ಬರೆದು ಹಾಕಿಸುವವನಿಗೆ ಆ ತಡವೇ ಉತ್ತರ. ಆದ್ದರಿಂದ ಬಲ್ಲವರು ಕೋರಿಕೆಯನ್ನು ಸರತಿಗೆ ಸೇರಿಸಿ ಎಲ್ಲರಿಗೂ ಕೂಡಲೇ ಒಂದೇ ಉತ್ತರ ಕೊಡುತ್ತಾರೆ. ಖಾತೆ ಹುಡುಕುವುದು, ಮೇಲ್ ಕಳಿಸುವುದು ಎಲ್ಲ ಹಿಂಬದಿಯಲ್ಲಿ ನಡೆಯುತ್ತದೆ. ಖಾತೆ ಇಲ್ಲದ ವಿಳಾಸಕ್ಕೂ ‘ಈ ಇಮೇಲ್‌ನಲ್ಲಿ ನಮ್ಮಲ್ಲಿ ಖಾತೆ ಇಲ್ಲ’ ಎಂದು ಮೇಲ್ ಕಳಿಸುವುದುಂಟು. ಅದನ್ನು ಓದುವುದು ಆ ಅಂಚೆಪೆಟ್ಟಿಗೆಯ ಒಡೆಯ ಮಾತ್ರ, ಯಾವ ಇಮೇಲ್‌ನಿಂದ ಖಾತೆ ತೆರೆದಿದ್ದೆ ಎಂಬುದನ್ನೇ ಮರೆತ ಬಡಪಾಯಿಗೂ ಅದರಿಂದ ಅನುಕೂಲ. ಇಷ್ಟೆಲ್ಲ ಮಾಡಿ, ಹೊಸ ಖಾತೆ ತೆರೆಯುವ ಪುಟದಲ್ಲಿ ‘ಈ ಇಮೇಲ್ ಈಗಾಗಲೇ ನೋಂದಣಿಯಾಗಿದೆ’ ಎಂದು ಸಾರುವ ತಾಣಗಳಿಗೆ ಮಾತ್ರ ಏನು ಹೇಳುವುದೋ ತಿಳಿಯದು.

ಇನ್ನು ಲಿಂಕ್ ಒಳಗೇನಿರುತ್ತದೆ ನೋಡೋಣ. `asha@example.com` ವಿಳಾಸದ ಆಶಾ ಬೆಳಗ್ಗೆ 10 ಗಂಟೆಗೆ ಕೋರಿಕೆ ಕಳಿಸಿದರು ಎಂದಿಟ್ಟುಕೊಳ್ಳೋಣ. ಸರ್ವರ್ 32 ಬೈಟ್‌ಗಳ ಒಂದು ಯಾದೃಚ್ಛಿಕ ಮೌಲ್ಯ ಸೃಷ್ಟಿಸುತ್ತದೆ. ಅದೂ ಸಾಮಾನ್ಯ ಆಟಗಳಿಗೆ ಬಳಸುವ ಸಂಖ್ಯಾಜನಕದಿಂದಲ್ಲ, ಆಪರೇಟಿಂಗ್ ಸಿಸ್ಟಂ ಗೂಢಲಿಪಿಗೆಂದೇ ಒದಗಿಸುವ ಮೂಲದಿಂದ. ಬಳಕೆದಾರರ ಕ್ರಮಸಂಖ್ಯೆಗೆ ಆ ಹೊತ್ತಿನ ಸಮಯ ಸೇರಿಸಿ ಹ್ಯಾಶ್ ಮಾಡಿದರೆ ನೋಡಲು ಗೊಂದಲವಾಗಿ ಕಂಡೀತು, ಆದರೆ ಎರಡನ್ನೂ ಊಹಿಸಬಹುದಾದ್ದರಿಂದ ಹ್ಯಾಶನ್ನೂ ಊಹಿಸಬಹುದು. 32 ಬೈಟ್ ಎಂದರೆ 78 ಅಂಕಿಗಳಷ್ಟು ಉದ್ದದ ಸಂಖ್ಯೆಯಷ್ಟು ಸಾಧ್ಯತೆಗಳು. ಇದನ್ನು ಆಶಾ ಅವರ ಮೇಲ್‌ಗೆ ಕಳಿಸಿ, ದತ್ತಸಂಚಯದಲ್ಲಿ ಮಾತ್ರ ಅದರ ಎಸ್‌ಎಚ್‌ಎ-256 ಹ್ಯಾಶನ್ನು ಇಡುತ್ತಾರೆ. ಏಕೆಂದರೆ ಬಳಸುವ ತನಕ ಆ ಟೋಕನ್ ಪಾಸ್‌ವರ್ಡಿಗೆ ಸಮ. ದತ್ತಸಂಚಯದ ಪ್ರತಿಯೊಂದು ಕಳ್ಳನ ಕೈಗೆ ಸಿಕ್ಕರೂ ಹ್ಯಾಶಿನಿಂದ ಲಿಂಕ್ ಕಟ್ಟಲು ಆಗದು.

ಅವಧಿಯ ವಿಷಯಕ್ಕೆ ಬಂದರೆ, ಜನಪ್ರಿಯ ಚೌಕಟ್ಟುಗಳಲ್ಲೇ ಒಮ್ಮತವಿಲ್ಲ. ಜಾಂಗೊ ತಾನಾಗಿ ಕೊಡುವುದು 3 ದಿನ, ಲಾರಾವೆಲ್ 60 ನಿಮಿಷ, ರೈಲ್ಸ್ 15 ನಿಮಿಷ. ಮೂರು ದಿನ ವಿಪರೀತ ಉದಾರತೆ: ಆಫೀಸಿನ ಕಂಪ್ಯೂಟರಿನಲ್ಲಿ ತೆರೆದಿಟ್ಟ ಇನ್‌ಬಾಕ್ಸ್, ಸೋಮವಾರದ ಲಿಂಕ್ ಬುಧವಾರವೂ ಜೀವಂತ. ಹಾಗೆಂದು ಐದು ನಿಮಿಷಕ್ಕೆ ಇಳಿಸಿದರೆ, ಪರಿಚಯವಿಲ್ಲದ ಸರ್ವರ್‌ನಿಂದ ಬಂದ ಮೇಲನ್ನು ಸ್ವಲ್ಪ ಹೊತ್ತು ತಡೆಹಿಡಿಯುವ ಕಂಪನಿಗಳ ನೌಕರರಿಗೆ ಸಿಗುವುದು ಸತ್ತ ಲಿಂಕ್ ಮಾತ್ರ. ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ, ಇವೆರಡರ ನಡುವಿನ ಹದ.

ಆದರೆ ಅವಧಿ ಕಡಿಮೆ ಇದ್ದ ಮಾತ್ರಕ್ಕೆ ರಕ್ಷಣೆಯಾಯಿತು ಎಂದುಕೊಳ್ಳುವಂತಿಲ್ಲ. ಇದನ್ನು ತೋರಿಸಿದವರಲ್ಲಿ ಬೆಂಗಳೂರಿನಲ್ಲಿದ್ದ ಆನಂದ್ ಪ್ರಕಾಶ್ ಒಬ್ಬರು. ಫೇಸ್‌ಬುಕ್ ಪಾಸ್‌ವರ್ಡ್ ಮರೆತವರಿಗೆ 6 ಅಂಕಿಯ ಕೋಡ್ ಕಳಿಸುತ್ತದೆ. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ಸಲ ತಪ್ಪು ಕೋಡ್ ಹಾಕಿದರೆ ತಡೆ ಬೀಳುತ್ತಿತ್ತು. 2016ರ ಫೆಬ್ರುವರಿಯಲ್ಲಿ ಆನಂದ್ ಅದನ್ನೇ `beta.facebook.com` ವಿಳಾಸದಲ್ಲಿ ಪ್ರಯತ್ನಿಸಿದರು. ಪ್ರಯೋಗಕ್ಕೆಂದು ಇಟ್ಟಿದ್ದ ಆ ತಾಣದಲ್ಲಿ ಯಾವ ತಡೆಯೂ ಇರಲಿಲ್ಲ. ತಮ್ಮದೇ ಖಾತೆಯ ಮೇಲೆ ಕೋಡ್‌ಗಳನ್ನು ಒಂದಾದ ಮೇಲೊಂದು ಹಾಕಿಸಿ ಒಳಹೊಕ್ಕು ತೋರಿಸಿದರು. ಫೇಸ್‌ಬುಕ್ ಮರುದಿನವೇ ಸರಿಪಡಿಸಿ 15,000 ಡಾಲರ್ ಬಹುಮಾನ ಕೊಟ್ಟಿತು.

ಇನ್‌ಸ್ಟಾಗ್ರಾಂ ಕಥೆ ಇನ್ನೂ ಚುರುಕು. ಅಲ್ಲಿಯೂ ಆರಂಕಿಯ ಕೋಡ್, ಎಂದರೆ 10 ಲಕ್ಷ ಸಾಧ್ಯತೆ, ಆಯಸ್ಸು 10 ನಿಮಿಷ. ಒಂದೇ ಐಪಿ ವಿಳಾಸದಿಂದ ತುಂಬಾ ಕೋರಿಕೆ ಬಂದರೆ ತಡೆ ಇತ್ತು, ಒಂದೇ ಖಾತೆಗೆ ಒಟ್ಟು ಎಷ್ಟು ಪ್ರಯತ್ನ ಎಂಬ ಲೆಕ್ಕ ಇರಲಿಲ್ಲ. 2019ರಲ್ಲಿ ಲಕ್ಷ್ಮಣ್ ಮುತ್ತಯ್ಯ ಎಂಬ ತಮಿಳುನಾಡಿನ ಸಂಶೋಧಕ ಕ್ಲೌಡ್‌ನಲ್ಲಿ ಸಾವಿರ ಯಂತ್ರಗಳನ್ನು ಬಾಡಿಗೆಗೆ ಹಿಡಿದು, ಪ್ರತಿಯೊಂದರಿಂದ 200ರಂತೆ 2 ಲಕ್ಷ ಕೋಡ್‌ಗಳನ್ನು ಆ ಹತ್ತು ನಿಮಿಷದೊಳಗೆ ಹಾಕಿಸಿದರು. ಐದರಲ್ಲಿ ಒಂದು ಪಾಲು ಗೆಲುವು ಅಲ್ಲಿಗೇ ಖಚಿತ. ಇಂಥ 5,000 ಐಪಿ ವಿಳಾಸಗಳಿದ್ದರೆ ಪೂರ್ತಿ ಹತ್ತು ಲಕ್ಷವೂ ಮುಗಿಯುತ್ತದೆ, ಅದರ ಖರ್ಚು 150 ಡಾಲರ್ ಆಸುಪಾಸು ಎಂದು ಅವರ ಅಂದಾಜು. ಬಂದ ಬಹುಮಾನ 30,000 ಡಾಲರ್. ಆಶಾ ಅವರ 32 ಬೈಟ್ ಲಿಂಕ್‌ಗೆ ಈ ದಾಳಿ ನಡೆಯದು. ಕೋಡ್ ಚಿಕ್ಕದಾದಷ್ಟೂ ಖಾತೆಗಿಷ್ಟೇ ಪ್ರಯತ್ನ ಎಂಬ ಎಣಿಕೆ ಬಿಗಿಯಾಗಬೇಕು, ಅದೂ ತಾಣದ ಎಲ್ಲ ಬಾಗಿಲುಗಳಿಗೂ ಒಂದೇ ಎಣಿಕೆ.

ಒಮ್ಮೆ ಮಾತ್ರ ನಡೆಯುವ ಲಿಂಕ್ ಕೇಳಲು ಸುಲಭ, ಕಟ್ಟಲು ಕಿರಿಕಿರಿ. ಮೊದಲ ಶತ್ರು ಕಳ್ಳನಲ್ಲ, ಕಾವಲುಗಾರ. ಅನೇಕ ಕಂಪನಿಗಳಲ್ಲಿ ಮೇಲ್ ನೌಕರರಿಗೆ ತಲುಪುವ ಮೊದಲೇ ಭದ್ರತಾ ತಂತ್ರಾಂಶ ಅದರೊಳಗಿನ ಲಿಂಕ್‌ಗಳನ್ನು ತೆರೆದು ಪರೀಕ್ಷಿಸುತ್ತದೆ. ಲಿಂಕ್ ತೆರೆದ ಕೂಡಲೇ ಟೋಕನ್ ಮುಗಿಯಿತೆಂದು ಗುರುತು ಹಾಕುವ ತಾಣವಾದರೆ, ಆಶಾ ಕ್ಲಿಕ್ ಮಾಡುವಷ್ಟರಲ್ಲಿ ‘ಈ ಲಿಂಕ್ ಈಗಾಗಲೇ ಬಳಕೆಯಾಗಿದೆ’ ಎಂಬ ಉತ್ತರ ಕಾದಿರುತ್ತದೆ. ಒಂದೇ ಕಂಪನಿಯ ನೌಕರರಿಂದ ಮಾತ್ರ ಇಂಥ ದೂರು ಸಾಲುಗಟ್ಟಿ ಬಂದರೆ ಕಾರಣ ಬಹುತೇಕ ಇದೇ. ಲಿಂಕ್ ತೆರೆದಾಗ ಹೊಸ ಪಾಸ್‌ವರ್ಡ್ ತುಂಬುವ ಪುಟ ಮಾತ್ರ ಕಾಣಬೇಕು, ಆ ಪುಟವನ್ನು ಸಲ್ಲಿಸಿದಾಗಲೇ ಟೋಕನ್ ಸಾಯಬೇಕು.

ಸಾಯಿಸುವ ಬಗೆಯಲ್ಲೂ ಒಂದು ಸೂಕ್ಷ್ಮವಿದೆ. ಟೋಕನ್ ಇದೆಯೇ ಎಂದು ಮೊದಲು ಓದಿ, ಆಮೇಲೆ ಬಳಕೆಯಾಯಿತು ಎಂದು ಬರೆದರೆ, ಆ ಎರಡರ ನಡುವೆ ಇನ್ನೊಂದು ಕೋರಿಕೆ ನುಸುಳಿ ಅದೇ ಟೋಕನನ್ನು ಓದಿಬಿಡಬಹುದು. ಓದುವುದೂ ಬರೆಯುವುದೂ ಒಂದೇ ಹೆಜ್ಜೆಯಲ್ಲಿ ಆಗಬೇಕು:

```sql
UPDATE reset_tokens
SET used_at = now()
WHERE token_hash = $1
  AND used_at IS NULL
  AND expires_at > now()
RETURNING user_id;
```

ಸಾಲೊಂದು ಮರಳಿ ಬಂದರೆ ಮುಂದುವರಿ, ಬರದಿದ್ದರೆ ನಿಲ್ಲು. ಹೊಸ ಪಾಸ್‌ವರ್ಡ್ ಬರೆಯುವ ಕೆಲಸವೂ ಇದೇ ವ್ಯವಹಾರದೊಳಗಿರಬೇಕು. ಇಲ್ಲವಾದರೆ ‘ಪಾಸ್‌ವರ್ಡ್ ತೀರಾ ಚಿಕ್ಕದಾಯಿತು’ ಎಂದು ತಾಣ ತಿರಸ್ಕರಿಸುವ ಹೊತ್ತಿಗೆ ಟೋಕನ್ ಖರ್ಚಾಗಿ, ಆಶಾ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಬದಲಾವಣೆ ಮುಗಿದ ಮೇಲೆ ಆ ಖಾತೆಯ ಉಳಿದ ಟೋಕನ್‌ಗಳನ್ನೂ ತೆರೆದಿರುವ ಎಲ್ಲ ಲಾಗಿನ್‌ಗಳನ್ನೂ ರದ್ದು ಮಾಡಿ, ‘ನಿಮ್ಮ ಪಾಸ್‌ವರ್ಡ್ ಬದಲಾಗಿದೆ’ ಎಂದು ಮೇಲ್ ಹಾಕುತ್ತಾರೆ. ಹೊಸ ಕೋರಿಕೆ ಬಂದಾಗಲೆಲ್ಲ ಹಳೆಯ ಲಿಂಕ್ ರದ್ದು ಮಾಡುವ ರೂಢಿ ಹಲವೆಡೆ ಇದೆ, ಅದು ಎರಡಲುಗಿನ ಕತ್ತಿ: ಯಾರೋ ಕಿಡಿಗೇಡಿ ನಿಮಿಷಕ್ಕೊಮ್ಮೆ ಆಶಾ ಅವರ ಹೆಸರಲ್ಲಿ ಕೋರಿಕೆ ಹಾಕುತ್ತಿದ್ದರೆ ಅವರಿಗೆ ಬಂದ ಯಾವ ಲಿಂಕೂ ನಡೆಯದು. ಅವಧಿ ಹೇಗೂ ಚಿಕ್ಕದಿರುವಾಗ ಎರಡು ಮೂರು ಲಿಂಕ್ ಒಟ್ಟಿಗೆ ಬದುಕಿದ್ದು, ಒಂದು ಬಳಕೆಯಾದಾಗ ಎಲ್ಲ ಸಾಯುವುದೇ ವಾಸಿ.

ಈ ಎಲ್ಲವನ್ನೂ ಪಾಲಿಸಿಯೂ ಮೇಲ್ ತಪ್ಪು ಕೈಗೆ ಹೋದರೆ? 2024ರ ಜನವರಿಯಲ್ಲಿ ಗಿಟ್‌ಲ್ಯಾಬ್ ಎದುರಿಸಿದ್ದು ಇದನ್ನೇ. ಲೋಕದ ಸಾವಿರಾರು ಸಂಸ್ಥೆಗಳು ತಮ್ಮ ಮೂಲ ಸಂಕೇತಗಳನ್ನು ಇಡುವ ತಂತ್ರಾಂಶ ಅದು. 2023ರ ಮೇ ತಿಂಗಳಲ್ಲಿ ಅದರ 16.1 ಆವೃತ್ತಿಗೆ ಎರಡನೆಯ ಇಮೇಲ್‌ಗೂ ಲಿಂಕ್ ತರಿಸಿಕೊಳ್ಳುವ ಸೌಲಭ್ಯ ಸೇರಿತ್ತು. ಕೋರಿಕೆಯಲ್ಲಿ ಒಂದು ಇಮೇಲ್ ಬದಲು ಎರಡರ ಪಟ್ಟಿ ಕಳಿಸಿದರೆ, ಮೊದಲನೆಯದರಿಂದ ಖಾತೆ ಹುಡುಕಿ, ಎರಡಕ್ಕೂ ಅದೇ ಲಿಂಕನ್ನು ಕಳಿಸುತ್ತಿತ್ತು. ಎರಡನೆಯದು ಆ ಖಾತೆಯದೇ ಎಂದು ಖಚಿತಪಡಿಸಿಕೊಳ್ಳುತ್ತಿರಲಿಲ್ಲ. ಖಾತೆಯ ಒಡೆಯ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ತೀವ್ರತೆಯ ಅಳತೆಯಲ್ಲಿ ಈ ದೋಷಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತು. ಕೋರಿಕೆಯಲ್ಲಿ ಬಂದ ಇಮೇಲ್ ಖಾತೆ ಹುಡುಕಲು ಮಾತ್ರ. ಕಳಿಸುವ ವಿಳಾಸ ಯಾವಾಗಲೂ ದತ್ತಸಂಚಯದಲ್ಲಿ ದೃಢಪಟ್ಟಿರುವುದೇ ಆಗಿರಬೇಕೆಂಬ ಒಂದು ಸಾಲು ಅಲ್ಲಿ ತಪ್ಪಿಹೋಗಿತ್ತು. ಎರಡು ಹಂತದ ದೃಢೀಕರಣ ಇಟ್ಟುಕೊಂಡವರ ಪಾಸ್‌ವರ್ಡ್ ಬದಲಾದರೂ ಖಾತೆ ಕೈತಪ್ಪುತ್ತಿರಲಿಲ್ಲ. ತಮ್ಮದೇ ಸರ್ವರ್‌ನಲ್ಲಿ ಗಿಟ್‌ಲ್ಯಾಬ್ ನಡೆಸುವವರು ಹೊಸ ಆವೃತ್ತಿಗೆ ಏರಿ ಸುಮ್ಮನಿರಬಾರದು, ಹಳೆಯ ಲಾಗ್‌ಗಳನ್ನು ತೆರೆದು `/users/password` ವಿಳಾಸಕ್ಕೆ ಬಂದ ಕೋರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಇಮೇಲ್‌ಗಳಿರುವ ಸಾಲುಗಳನ್ನು ಹುಡುಕಬೇಕು ಎಂದು ಕಂಪನಿ ತಿಳಿಸಿತು.