ಹಳದಿ ಉರಿ, ಮಸಿ ಹಿಡಿದ ತಳ

ಗ್ಯಾಸ್ ಒಲೆಯ ಉರಿ ಹಳದಿಗೆ ತಿರುಗಿ, ಸೊರಗಿ, ಪಾತ್ರೆಯ ತಳಕ್ಕೆ ಮಸಿ ಹಿಡಿಸತೊಡಗಿದರೆ ಮನೆಯವರ ಅನುಮಾನ ಮೊದಲು ಸಿಲಿಂಡರಿನ ಮೇಲೆ ಹೋಗುತ್ತದೆ. ಆದರೆ ಹಳದಿ ಬಣ್ಣ ತೋರಿಸುವುದು ಗ್ಯಾಸಿನ ಕೊರತೆಯನ್ನಲ್ಲ, ಗಾಳಿಯ ಕೊರತೆಯನ್ನು.

ನಾಬ್ ತಿರುಗಿಸಿದಾಗ ಗ್ಯಾಸು ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುವ ಹಿತ್ತಾಳೆಯ ಜೆಟ್‌ನಿಂದ ರಭಸವಾಗಿ ಹೊರಬಂದು, ಬರ್ನರ್‌ಗೆ ಹೋಗುವ ಕೊಳವೆಯೊಳಗೆ ನುಗ್ಗುತ್ತದೆ. ಇದೇ ಮಿಕ್ಸಿಂಗ್ ಟ್ಯೂಬ್. ಗ್ಯಾಸು ನುಗ್ಗುವ ರಭಸಕ್ಕೆ ಕೊಳವೆಯ ಬಾಯಲ್ಲಿರುವ ಕಿಂಡಿಯಿಂದ ಗಾಳಿಯೂ ಒಳಗೆ ಸೆಳೆಯಲ್ಪಡುತ್ತದೆ. ಒಂದು ಪಾಲು ಅಡುಗೆ ಅನಿಲ ಪೂರ್ತಿ ಉರಿಯಲು ಸುಮಾರು 24ರಿಂದ 31 ಪಾಲು ಗಾಳಿ ಬೇಕು. ಅದರಲ್ಲಿ ಒಂದು ದೊಡ್ಡ ಭಾಗ ಕೊಳವೆಯಲ್ಲೇ ಬೆರೆತಿರಬೇಕು, ಉಳಿದದ್ದು ಉರಿಯ ಸುತ್ತಲಿನಿಂದ ಸಿಗುತ್ತದೆ. ಕೊಳವೆಯಲ್ಲಿ ಬೆರೆಯುವ ಗಾಳಿ ಕಡಿಮೆಯಾದರೆ ಇಂಗಾಲ ಪೂರ್ತಿ ಸುಡದೆ ಸಣ್ಣ ಕಣಗಳಾಗಿ ಕಾದು ಹೊಳೆಯುತ್ತದೆ. ಆ ಹೊಳಪೇ ಹಳದಿ ಬಣ್ಣ; ಅದೇ ಕಣಗಳು ಪಾತ್ರೆಗೆ ಅಂಟಿದರೆ ಮಸಿ. ಇಂಥ ಉರಿಯಿಂದ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೂಡ ಹೆಚ್ಚಾಗಿ ಬರುವುದರಿಂದ, ರಿಪೇರಿ ಆಗುವವರೆಗೆ ಅಡುಗೆಮನೆಯ ಕಿಟಕಿ ತೆರೆದಿರಬೇಕು.

ಎರಡು ಬರ್ನರ್‌ನ ಒಲೆಯೊಂದರಲ್ಲಿ ದೊಡ್ಡ ಬರ್ನರ್ ಮೇಲೆ ಹಾಲು ಉಕ್ಕಿ ಚೆಲ್ಲಿದೆ ಎಂದಿಟ್ಟುಕೊಳ್ಳೋಣ. ಮೇಲಿನದನ್ನು ಒರೆಸಿದ್ದಾಗಿದೆ. ಮರುದಿನ ಆ ಬರ್ನರ್‌ನ ಒಂದು ಪಕ್ಕದಲ್ಲಿ ಉರಿಯೇ ಏಳುವುದಿಲ್ಲ, ಇನ್ನೊಂದು ಪಕ್ಕದಲ್ಲಿ ಹಳದಿ ನಾಲಿಗೆಗಳು ತೂರಾಡುತ್ತವೆ. ಪಕ್ಕದ ಸಣ್ಣ ಬರ್ನರ್ ಮಾತ್ರ ಎಂದಿನಂತೆ ನೀಲಿಯಾಗಿ ಉರಿಯುತ್ತಿದೆ. ಈ ಹೋಲಿಕೆಯೇ ಅರ್ಧ ಪರೀಕ್ಷೆ. ಎರಡೂ ಕಡೆ ಉರಿ ಸಣ್ಣದಾಗಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಅಥವಾ ಪೈಪನ್ನು ನೋಡಬೇಕು. ಒಂದೇ ಕಡೆ ಕೆಟ್ಟಿದ್ದರೆ ದೋಷ ಆ ಬರ್ನರ್‌ನ ದಾರಿಯಲ್ಲೇ ಇದೆ.

ಹಾಲು ಒಣಗಿ ಸುಟ್ಟು ತೂತುಗಳಲ್ಲಿ ಕರಿಕಟ್ಟಿದೆ. ಹೊರಗೆ ಹೋಗಲು ದಾರಿ ಸಾಲದೆ ಮಿಶ್ರಣ ಕೊಳವೆಯಲ್ಲಿ ಒತ್ತುತ್ತದೆ. ಜೆಟ್‌ನಿಂದ ಬರುವ ಗ್ಯಾಸು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಗಾಳಿ ಒಳಗೆ ಬರಲಾರದು. ತೂತು ಕಟ್ಟಿದ್ದಕ್ಕೆ ಬಣ್ಣ ಕೆಡುವುದು ಹೀಗೆ. ಆದ್ದರಿಂದ ಮೊದಲು ದಾರಿ ಬಿಡಿಸಬೇಕು, ಆಮೇಲೆ ಶಟರ್ ಮುಟ್ಟಬೇಕು. ಕಟ್ಟಿದ ಬರ್ನರ್ ಇಟ್ಟುಕೊಂಡೇ ಶಟರ್ ತೆರೆದರೆ ತೆರೆದಿರುವ ತೂತುಗಳಲ್ಲಿ ಉರಿ ಸರಿಹೋದಂತೆ ಕಂಡೀತು, ಆದರೆ ಮುಂದೆ ಬರ್ನರ್ ತೊಳೆದ ದಿನ ಗಾಳಿ ಅತಿಯಾಗುತ್ತದೆ.

ರೆಗ್ಯುಲೇಟರ್ ಆಫ್ ಮಾಡಿ, ಬರ್ನರ್ ತಣ್ಣಗಾದ ಮೇಲೆ ಅದರ ಮುಚ್ಚಳ ತೆಗೆದು ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಬೇಕು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಂದೊಂದೇ ತೂತಿಗೆ ತೆಳು ತಂತಿ ಹಾಕಿ ತೆಗೆಯಬೇಕು. ತೂತು ದೊಡ್ಡದಾಗುವಂತೆ ತಿರುವಬಾರದು. ಬೆಳಕಿಗೆ ಹಿಡಿದು ನೋಡಿದರೆ ಯಾವುದು ಇನ್ನೂ ಮುಚ್ಚಿದೆ ಎಂದು ಗೊತ್ತಾಗುತ್ತದೆ. ಕೊಳವೆಯೊಳಗೂ ಬ್ರಷ್ ಆಡಿಸುವುದನ್ನು ಮರೆಯಬಾರದು, ಜೇಡರಬಲೆ ಅಲ್ಲಿರುತ್ತದೆ. ಕೊನೆಗೆ ಪೂರ್ತಿ ಒಣಗಿಸಬೇಕು. ತೇವವಿದ್ದರೆ ಉರಿ ಚಟಪಟ ಎನ್ನುತ್ತದೆ. ಉಪ್ಪಿನ ನೀರು ಚೆಲ್ಲಿದಾಗ ಆಗೀಗ ಏಳುವ ಕಿತ್ತಳೆ ಕಿಡಿಗಳು ದೋಷವಲ್ಲ, ತಾವೇ ನಿಲ್ಲುತ್ತವೆ.

ಇಷ್ಟಾದ ಮೇಲೂ ಹಳದಿ ಉಳಿದರೆ ಶಟರ್ ನೋಡಬೇಕು. ಜೆಟ್ ಪಕ್ಕದಲ್ಲಿ ಕಿಂಡಿಯನ್ನು ಮುಚ್ಚಿ ತೆರೆಯುವ ಸಣ್ಣ ತಗಡೇ ಏರ್ ಶಟರ್. ಎಷ್ಟೋ ಒಲೆಗಳಲ್ಲಿ ಅದು ಇರುವುದೇ ಇಲ್ಲ, ಕಿಂಡಿಯ ಅಳತೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಇದ್ದರೆ, ಈಗಿನ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಸ್ಕ್ರೂ ಸಡಿಲಿಸಿ ಒಂದು ಮಿಲಿಮೀಟರಿನಷ್ಟು ತೆರೆದು, ಒಲೆ ಹಚ್ಚಿ ನೋಡಬೇಕು. ಮತ್ತೆ ಸರಿಸಬೇಕಾದರೆ ಮೊದಲು ಆರಿಸಬೇಕು. ಹಳದಿ ತುದಿ ಹೋಗಿ, ಒಳಗೆ ಸ್ಪಷ್ಟವಾದ ನೀಲಿ ಮೊನೆ ಕಂಡು, ಉರಿ ತೂತಿಗೆ ಅಂಟಿಕೊಂಡು ನಿಂತರೆ ಸಾಕು. ಬುಸ್ಸೆನ್ನುತ್ತ ತೂತಿನಿಂದ ಮೇಲೆದ್ದು ಉರಿದರೆ ಗಾಳಿ ಹೆಚ್ಚಾಯಿತು, ಸ್ವಲ್ಪ ಮುಚ್ಚಬೇಕು. ಪೂರ್ತಿ ಉರಿಯಲ್ಲಿ ಸರಿಯಿದ್ದದ್ದು ಸಿಮ್‌ನಲ್ಲಿ ಆರಿಹೋಗುವುದುಂಟು, ಹಾಗಾಗಿ ಎರಡರಲ್ಲೂ ನೋಡಿಯೇ ಸ್ಕ್ರೂ ಬಿಗಿ ಮಾಡಬೇಕು.

ಆಗಲೂ ನೀಲಿ ಬಾರದಿದ್ದರೆ ಜೆಟ್ ಮೇಲೆ ಅನುಮಾನ. ಅದಕ್ಕೆ ಮಾತ್ರ ಪಿನ್ನು ಚುಚ್ಚಬಾರದು. ಹಿತ್ತಾಳೆ ಮೆತ್ತಗಿನ ಲೋಹ. ರಂಧ್ರ ಒಂದಿಷ್ಟು ಅಗಲವಾದರೂ ಗ್ಯಾಸು ಜಾಸ್ತಿಯಾಗಿ ಹಳದಿ ಕಾಯಂ ಆಗುತ್ತದೆ. ಪೈಪಿನ ಗ್ಯಾಸಿಗೆಂದು ಹಾಕಿದ ದೊಡ್ಡ ರಂಧ್ರದ ಜೆಟ್ ಇರುವ ಒಲೆಗೆ ಸಿಲಿಂಡರ್ ಜೋಡಿಸಿದರೂ ಇದೇ ಗತಿ. ಜೆಟ್ ಬದಲಿಸುವುದು ಮೆಕ್ಯಾನಿಕ್ ಕೆಲಸ. ಬದಲಿಸಿದ ಮೇಲೆ ಒಲೆ ಹಚ್ಚುವ ಮೊದಲು ಪೈಪಿನ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುವುದಿಲ್ಲ ಎಂಬುದನ್ನು ಅವರೆದುರೇ ನೋಡಿಕೊಳ್ಳಬೇಕು.