ಸುಸ್ತಿ ಸಾಲಕ್ಕೆ ಇಡಿಗಂಟಿನ ತೀರುವಳಿ

ಕಂತು ತಪ್ಪಿದ ಸಾಲ ಬಡ್ಡಿಯ ಮೇಲೆ ಬಡ್ಡಿ ಸೇರಿ ಬೆಳೆದು, ಪೂರ್ತಿ ಬಾಕಿ ತೀರಿಸುವುದು ಸಾಲಗಾರರ ಕೈ ಮೀರಿದಾಗ ಅವರು ಬ್ಯಾಂಕಿನ ಮುಂದೆ ಒಂದು ಪ್ರಸ್ತಾವ ಇಡಬಹುದು: ಇಷ್ಟು ಹಣವನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ, ಉಳಿದದ್ದನ್ನು ಬಿಟ್ಟು ಖಾತೆ ಮುಚ್ಚಿ. ಬ್ಯಾಂಕಿನವರ ಮಾತಿನಲ್ಲಿ ಇದು ಒನ್ ಟೈಮ್ ಸೆಟಲ್‌ಮೆಂಟ್, ಚಿಕ್ಕದಾಗಿ ಒಟಿಎಸ್. ಇದು ಸಾಲಗಾರರ ಹಕ್ಕಲ್ಲ. ಬಿಜನೂರಿನ ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಇದನ್ನು ಖಚಿತವಾಗಿ ಹೇಳಿತು. ಒಟಿಎಸ್ ಕೊಡಲೇಬೇಕೆಂದು ಹೈಕೋರ್ಟ್ ಕೂಡ ಬ್ಯಾಂಕಿಗೆ ಆದೇಶಿಸುವಂತಿಲ್ಲ, ಅದು ಬ್ಯಾಂಕಿನ ವ್ಯಾವಹಾರಿಕ ವಿವೇಚನೆಗೆ ಬಿಟ್ಟದ್ದು ಎಂಬುದು ಆ ತೀರ್ಪಿನ ಸಾರ. ಹಾಗಾಗಿ ಕಷ್ಟ ಹೇಳಿಕೊಂಡ ಮಾತ್ರಕ್ಕೆ ಪ್ರಸ್ತಾವ ಗೆಲ್ಲುವುದಿಲ್ಲ. ಕೊಡುವ ಮೊತ್ತ ಬ್ಯಾಂಕಿನ ಲೆಕ್ಕಕ್ಕೆ ಹೊಂದಬೇಕು.

ಆ ಲೆಕ್ಕ ಶುರುವಾಗುವುದು ಖಾತೆ ಎನ್‌ಪಿಎ ಆದ ದಿನದಿಂದ. ಸಾಮಾನ್ಯ ಸಾಲದಲ್ಲಿ ಅಸಲು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಎನ್‌ಪಿಎ ಪಟ್ಟಿಗೆ ಸೇರುತ್ತದೆ. ಬೆಳೆಸಾಲಕ್ಕೆ ದಿನಗಳ ಬದಲು ಬೆಳೆಯ ಹಂಗಾಮಿನ ಲೆಕ್ಕ. ಅಲ್ಲಿಂದ ಮುಂದೆ ಆ ಸಾಲದ ಬಡ್ಡಿ ಕೈಗೆ ಬರುವವರೆಗೆ ಬ್ಯಾಂಕ್ ಅದನ್ನು ತನ್ನ ಆದಾಯವೆಂದು ತೋರಿಸುವಂತಿಲ್ಲ. ಹಾಗೆಂದು ಬಡ್ಡಿ ನಿಲ್ಲುವುದಿಲ್ಲ. ಅದನ್ನು ಬೇರೆಯಾಗಿ ಬರೆದಿಡುತ್ತಾ ಹೋಗುತ್ತಾರೆ. ಇದರಿಂದ ಒಂದೇ ಸಾಲಕ್ಕೆ ಎರಡು ಅಂಕಿ ಹುಟ್ಟಿಕೊಳ್ಳುತ್ತವೆ. ಲೆಡ್ಜರಿನಲ್ಲಿ ನಿಂತ ಬಾಕಿ ಒಂದು, ಆಮೇಲಿನ ಬಡ್ಡಿಯನ್ನೂ ಖರ್ಚನ್ನೂ ಕೂಡಿಸಿದ ಒಟ್ಟು ಬಾಕಿ ಇನ್ನೊಂದು. ವಕೀಲರ ನೋಟಿಸಿನಲ್ಲಿ ಬರುವುದು ದೊಡ್ಡ ಅಂಕಿ. ಒಟಿಎಸ್ ಮಾತುಕತೆ ಬಹುಮಟ್ಟಿಗೆ ನಡೆಯುವುದು ಸಣ್ಣ ಅಂಕಿಯ ಸುತ್ತ. ಈ ವ್ಯತ್ಯಾಸ ತಿಳಿಯದವರು ನೋಟಿಸಿನ ಮೊತ್ತ ಕಂಡು ಎದೆಗುಂದಿ, ಮಾತುಕತೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಮೊದಲ ಕೆಲಸವೆಂದರೆ ಶಾಖೆಗೆ ಬರೆದು ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಪಡೆಯುವುದು. ಎನ್‌ಪಿಎ ಆದ ದಿನಾಂಕ, ಆ ದಿನದ ಬಾಕಿ, ನಂತರದ ಬಡ್ಡಿ ಮತ್ತು ಖರ್ಚನ್ನು ಬೇರೆ ಬೇರೆಯಾಗಿ ಕೇಳುವುದು.

ಒಂದು ಕಲ್ಪಿತ ಉದಾಹರಣೆಯಲ್ಲಿ ಇದನ್ನು ನೋಡಬಹುದು. ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರೊಬ್ಬರು ಮನೆ ಅಡಮಾನವಿಟ್ಟು ವಿದ್ಯುತ್ ಮಗ್ಗಗಳಿಗೆ ಸಾಲ ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ಸೀರೆ ಕೊಳ್ಳುತ್ತಿದ್ದ ವ್ಯಾಪಾರಿಯಿಂದ ಹಣ ಬಾರದೆ ಕಂತು ನಿಂತವು. ಎನ್‌ಪಿಎ ಆದ ದಿನ ಲೆಡ್ಜರಿನಲ್ಲಿದ್ದ ಬಾಕಿ 10,40,000 ರೂಪಾಯಿ. ಮೂರು ವರ್ಷ ಕಳೆದಿದೆ. ಶೇ 12ರ ದರದಲ್ಲಿ ತಿಂಗಳು ತಿಂಗಳೂ ಸೇರಿದ ಬಡ್ಡಿ ಸುಮಾರು 4,48,000. ನೋಟಿಸು, ವಕೀಲರ ಶುಲ್ಕ ಇತ್ಯಾದಿ 22,000. ಒಟ್ಟು 15,10,000 ರೂಪಾಯಿ.

ಈಗ ಮೇಜಿನ ಆಚೆ ಬದಿಯಿಂದ ನೋಡಬೇಕು. ಮನೆಯ ಮಾರುಕಟ್ಟೆ ಬೆಲೆ 16 ಲಕ್ಷ. ಆದರೆ ಬ್ಯಾಂಕ್ ಹರಾಜಿಗಿಟ್ಟ ಆಸ್ತಿಗೆ ಆ ಬೆಲೆ ಸಿಗುವುದು ಅಪರೂಪ, ಜನ ವಾಸವಿರುವ ಮನೆಗಂತೂ ಕೊಳ್ಳುವವರೇ ಹಿಂಜರಿಯುತ್ತಾರೆ. ಹರಾಜಿನ ಬೆಲೆ 12 ಲಕ್ಷ ಎಂದು ಮೌಲ್ಯಮಾಪಕರು ಬರೆದರೆ, ಅದರಲ್ಲಿ ಜಾಹೀರಾತು, ಸ್ವಾಧೀನ, ವ್ಯಾಜ್ಯದ ಖರ್ಚು 60,000 ಕಳೆಯಬೇಕು. ಉಳಿಯುವ 11.4 ಲಕ್ಷವೂ ನಾಳೆಯೇ ಬರುವುದಿಲ್ಲ. ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನಗಳ ನೋಟಿಸು ಕೊಡಬೇಕು, ಆಮೇಲೆ ಸ್ವಾಧೀನ, ನಂತರ ಹರಾಜು. ನಡುವೆ ಸಾಲಗಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದರೆ ಇನ್ನೂ ತಡ. ಎರಡು ವರ್ಷ ಹಿಡಿಯುತ್ತದೆ ಎಂದುಕೊಂಡು ವರ್ಷಕ್ಕೆ ಶೇ 10ರಂತೆ ಇಳಿಸಿದರೆ, ಆ ಹಣದ ಇಂದಿನ ಬೆಲೆ ಸುಮಾರು 9,42,000 ರೂಪಾಯಿ. ಇದಕ್ಕಿಂತ ಕಡಿಮೆಯ ಪ್ರಸ್ತಾವವನ್ನು ಒಪ್ಪಿದರೆ ಅಧಿಕಾರಿ ನಾಳೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕಾಗುತ್ತದೆ. ಇದಕ್ಕಿಂತ ಹೆಚ್ಚಿದ್ದರೆ ಒಪ್ಪಲು ಅವರ ಕೈಯಲ್ಲಿ ಕಾರಣವಿರುತ್ತದೆ.

ಮಾಲೀಕರು 9,75,000 ಕೊಡುತ್ತೇವೆಂದು ಬರೆಯುತ್ತಾರೆ. ಬ್ಯಾಂಕ್ 10,80,000 ಕೇಳುತ್ತದೆ. ಕೊನೆಗೆ 10,25,000ಕ್ಕೆ ಮಾತು ನಿಲ್ಲುತ್ತದೆ. ಕಾಗದದ ಮೇಲೆ ಬ್ಯಾಂಕ್ ಬಿಟ್ಟುಕೊಟ್ಟದ್ದು 4,85,000. ಆದರೆ ಅದರಲ್ಲಿ 4,48,000 ಎಂದೂ ಆದಾಯವೆಂದು ಬರೆದುಕೊಳ್ಳದ ಬಡ್ಡಿ. ಕೈಬಿಟ್ಟ ನಿಜವಾದ ಹಣ 37,000 ರೂಪಾಯಿ ಮಾತ್ರ. ಅಧಿಕಾರಿಗಳು ನೋಡುವುದು ಈ ಎರಡನೆಯ ಅಂಕಿಯನ್ನು.

ಅದೇ ಮನೆ 30 ಲಕ್ಷ ಬಾಳುವಂಥದ್ದಾಗಿದ್ದರೆ ಚಿತ್ರವೇ ಬೇರೆ. ಹರಾಜಿನ ಬೆಲೆ, ಖರ್ಚು, ಕಾಯುವ ಕಾಲ ಎಲ್ಲವನ್ನೂ ಅದೇ ರೀತಿ ಕಳೆದರೂ 18 ಲಕ್ಷದಷ್ಟು ಉಳಿಯುತ್ತದೆ, ಅಂದರೆ ಒಟ್ಟು ಬಾಕಿಗಿಂತ ಹೆಚ್ಚು. ಅಂಥ ಸಾಲದಲ್ಲಿ ದೊಡ್ಡ ರಿಯಾಯಿತಿ ನಿರೀಕ್ಷಿಸುವುದು ವ್ಯರ್ಥ. ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಕೊಳ್ಳುವವರನ್ನು ಹುಡುಕಿ, ಅವರಿಂದ ಹಣವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿಸಿದರೆ ಹರಾಜಿಗಿಂತ ಒಳ್ಳೆಯ ಬೆಲೆ ಸಿಗುತ್ತದೆ, ಸಾಲ ತೀರಿ ಮಿಕ್ಕಿದ್ದು ಮನೆಯವರಿಗೇ ಉಳಿಯುತ್ತದೆ. ಅಡಮಾನವಿಲ್ಲದ ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಬಾಕಿಗಳಲ್ಲಿ ಇದಕ್ಕೆ ವಿರುದ್ಧ: ಹಿಡಿದುಕೊಳ್ಳಲು ಆಸ್ತಿಯೇ ಇಲ್ಲದ್ದರಿಂದ ಖಾತೆ ಹಳೆಯದಾದಷ್ಟೂ ಬ್ಯಾಂಕ್ ಮೆತ್ತಗಾಗುತ್ತದೆ.

ಪ್ರಸ್ತಾವವನ್ನು ಬರಹದಲ್ಲೇ ಕೊಡಬೇಕು. ಶಾಖಾ ವ್ಯವಸ್ಥಾಪಕರ ಹೆಸರಿಗೆ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. ಒಪ್ಪುವವರು ಮಾತ್ರ ಸಾಮಾನ್ಯವಾಗಿ ಅವರಲ್ಲ. ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಹೊರಡಿಸಿದ ಚೌಕಟ್ಟಿನಂತೆ, ಸಾಲ ಮಂಜೂರು ಮಾಡಿದವರಿಗಿಂತ ಕನಿಷ್ಠ ಒಂದು ಮೆಟ್ಟಿಲು ಮೇಲಿನ ಅಧಿಕಾರಿ ಅಥವಾ ಸಮಿತಿ ರಾಜಿಯನ್ನು ಮಂಜೂರು ಮಾಡಬೇಕು. ಅರ್ಜಿದಾರರ ಮುಖವನ್ನೇ ನೋಡದ ಯಾರೋ ಪ್ರಾದೇಶಿಕ ಕಚೇರಿಯಲ್ಲಿ ಕಡತ ಓದುತ್ತಾರೆ ಎಂಬುದನ್ನು ನೆನಪಿಟ್ಟು ಪತ್ರ ಬರೆಯಬೇಕು. ಖಾತೆ ಸಂಖ್ಯೆ, ಕಂತು ನಿಂತ ಕಾರಣ ಮತ್ತು ಅದರ ದಾಖಲೆ, ಈಗಿನ ಆದಾಯ, ಕೊಡುವ ಮೊತ್ತ, ಕೊಡುವ ದಿನಾಂಕ ಇವಿಷ್ಟು ಒಂದೂವರೆ ಪುಟದಲ್ಲಿ ಬರಬೇಕು. ಮಗ್ಗದ ಮಾಲೀಕರ ಪತ್ರದ ತಿರುಳು ಹೀಗಿರಬಹುದು: "ಮೇಲ್ಕಂಡ ಖಾತೆಯ ಪೂರ್ಣ ಮತ್ತು ಅಂತಿಮ ತೀರುವಳಿಗಾಗಿ 9,75,000 ರೂಪಾಯಿಗಳನ್ನು ಮಂಜೂರಾತಿ ಪತ್ರ ತಲುಪಿದ 60 ದಿನಗಳೊಳಗೆ ಪಾವತಿಸಲು ಸಿದ್ಧನಿದ್ದೇನೆ. ಈ ಹಣ ನನ್ನ ತಮ್ಮ ತನ್ನ ನಿವೇಶನ ಮಾರಿ ಕೊಡುತ್ತಿರುವುದು. ಕ್ರಯದ ಕರಾರಿನ ಪ್ರತಿ ಲಗತ್ತಿಸಿದೆ. ಪಾವತಿಯ ನಂತರ ಅಡಮಾನ ಬಿಡುಗಡೆ ಮಾಡಿ, ಜಾಮೀನುದಾರರನ್ನು ಹೊಣೆಯಿಂದ ಮುಕ್ತಗೊಳಿಸಿ, ಹೂಡಿರುವ ದಾವೆಯನ್ನು ಹಿಂಪಡೆಯಲು ಕೋರುತ್ತೇನೆ."

ಹಣದ ಮೂಲ ಹೇಳದ ಪ್ರಸ್ತಾವಕ್ಕೆ ಕಚೇರಿಯಲ್ಲಿ ತೂಕವಿಲ್ಲ. ಎಷ್ಟೋ ಬ್ಯಾಂಕುಗಳು ಪ್ರಸ್ತಾವದ ಜೊತೆಗೇ ಮೊತ್ತದ ಶೇ 5ರಿಂದ 10ರಷ್ಟನ್ನು ಮುಂಗಡವಾಗಿ ಕೇಳುತ್ತವೆ. ಅದನ್ನು ನೋ ಲೀನ್ ಖಾತೆಯಲ್ಲಿ ಇಡಿಸಬೇಕು. ಪ್ರಸ್ತಾವ ತಿರಸ್ಕೃತವಾದರೆ ಹಣ ವಾಪಸ್ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ನೇರವಾಗಿ ಸಾಲದ ಖಾತೆಗೆ ಕಟ್ಟಿದರೆ ಅದು ಬಾಕಿಗೆ ಜಮೆಯಾಗುತ್ತದೆ, ಹಿಂದೆ ಬರುವುದಿಲ್ಲ. ಇಡಿಗಂಟು ಹೊಂದಿಸಲು ತಿಂಗಳಿಗೆ ನೂರಕ್ಕೆ ಮೂರರ ಕೈಸಾಲ ತರುವುದು ಇಡೀ ವ್ಯವಹಾರದ ಅತಿ ಅಪಾಯದ ಹೆಜ್ಜೆ. ವರ್ಷಕ್ಕೆ ಶೇ 36 ಬಡ್ಡಿಯ ಆ ಸಾಲಕ್ಕೆ ಒಟಿಎಸ್ ಕೊಡುವವರು ಯಾರೂ ಇಲ್ಲ.

ಪತ್ರ ಬರೆಯುವ ಮುನ್ನ ತಿಳಿದಿರಬೇಕಾದ ಕಾನೂನಿನ ಮಾತೊಂದಿದೆ. ಕಾಲಮಿತಿ ಕಾಯ್ದೆಯ 18ನೇ ಕಲಮಿನ ಪ್ರಕಾರ, ಅವಧಿ ಮುಗಿಯುವ ಮುಂಚೆ ಸಾಲಗಾರರು ಸಹಿ ಮಾಡಿ ಸಾಲವನ್ನು ಒಪ್ಪಿಕೊಂಡರೆ ದಾವೆಯ ಅವಧಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಒಟಿಎಸ್ ಕೋರಿಕೆಯನ್ನೂ ಅಂಥ ಒಪ್ಪಿಗೆ ಎಂದು ಬ್ಯಾಂಕ್ ಮುಂದಿಡಬಹುದು. ಅಡಮಾನವಿಲ್ಲದ ಸಾಲಕ್ಕೆ ಮೂರು ವರ್ಷದ ಅವಧಿ ಮುಗಿಯುತ್ತಾ ಬಂದಿದ್ದರೆ ವಕೀಲರನ್ನು ಕಂಡ ನಂತರವೇ ಪತ್ರ ಕೊಡುವುದು ಸರಿ.

ಫೋನಿನಲ್ಲಿ ವಸೂಲಾತಿ ಏಜೆಂಟರು "ಇಂದೇ ಇಷ್ಟು ಹಾಕಿ, ಖಾತೆ ಕ್ಲೋಸ್" ಎನ್ನುತ್ತಾರೆ. ಹಾಗೆ ಹಾಕಿದ ಹಣ ಬಾಕಿಯಲ್ಲಿ ಒಂದಿಷ್ಟು ಕಡಿಮೆ ಮಾಡಬಹುದೇ ಹೊರತು ಖಾತೆಯನ್ನು ಮುಚ್ಚುವುದಿಲ್ಲ. ಬ್ಯಾಂಕಿನ ಮಂಜೂರಾತಿ ಪತ್ರ ಕೈಗೆ ಬಂದು, ಅದು ಅಸಲಿಯೇ ಎಂದು ಶಾಖೆಯಲ್ಲಿ ವಿಚಾರಿಸಿದ ಮೇಲೆಯೇ ಹಣ ಕಟ್ಟಬೇಕು. ಅದೂ ಸಾಲದ ಖಾತೆಗೆ, ಯಾರದೋ ವೈಯಕ್ತಿಕ ಯುಪಿಐಗೆ ಅಲ್ಲ.

ಮಂಜೂರಾತಿ ಪತ್ರದಲ್ಲಿ ಮೊತ್ತ, ಕಡೆಯ ದಿನಾಂಕ, "ಪೂರ್ಣ ಮತ್ತು ಅಂತಿಮ" ಎಂಬ ಮಾತು, ಜಾಮೀನುದಾರರ ಬಿಡುಗಡೆ ಇವೆಯೇ ಎಂದು ನೋಡಬೇಕು. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಗಳಿದ್ದರೆ ಎರಡರ ಸಂಖ್ಯೆಯೂ ಇರಬೇಕು, ಇಲ್ಲದಿದ್ದರೆ ಒಂದು ಮುಚ್ಚಿ ಇನ್ನೊಂದು ಉಳಿದುಬಿಡುತ್ತದೆ. ಪಾವತಿಗೆ ಮೂರು ತಿಂಗಳಿಗಿಂತ ಹೆಚ್ಚು ಸಮಯ ಕೊಟ್ಟರೆ ರಿಸರ್ವ್ ಬ್ಯಾಂಕಿನ ಚೌಕಟ್ಟು ಅದನ್ನು ಸಾಲದ ಪುನರ್‌ರಚನೆ ಎಂದೇ ಎಣಿಸುವುದರಿಂದ ಬ್ಯಾಂಕುಗಳು ಉದ್ದ ಗಡುವಿಗೆ ಸುಲಭವಾಗಿ ಒಪ್ಪುವುದಿಲ್ಲ. ಗಡುವು ತಪ್ಪಿದರೆ ಒಪ್ಪಂದ ಬಿದ್ದುಹೋಗುತ್ತದೆ: ಅಷ್ಟರವರೆಗೆ ಕಟ್ಟಿದ್ದನ್ನು ಜಮಾ ಮಾಡಿಕೊಂಡು ಹಳೆಯ 15,10,000ದ ಲೆಕ್ಕಕ್ಕೇ ಮರಳುತ್ತಾರೆ. ನಿವೇಶನದ ನೋಂದಣಿ ತಡವಾಗುವ ಸುಳಿವು ಸಿಕ್ಕ ಕೂಡಲೇ, ಗಡುವು ಮುಗಿಯುವ ಮುಂಚೆಯೇ, ಕಾರಣ ಬರೆದು ಹೆಚ್ಚಿನ ಸಮಯ ಕೇಳಬೇಕು. ದಾವೆ ನ್ಯಾಯಾಲಯದಲ್ಲಿದ್ದರೆ ಅಲ್ಲಿ ಒಪ್ಪಿಗೆಯ ಡಿಕ್ರಿ ಪಡೆಯಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದರ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿಗೆ ಅವಕಾಶವಿಲ್ಲ.

ಹಣ ಕಟ್ಟಿದ ಮೇಲೂ ಕೆಲಸ ಉಳಿದಿರುತ್ತದೆ. ಬೇಬಾಕಿ ಪತ್ರ, ಮೂಲ ಕ್ರಯಪತ್ರಗಳು, ಭದ್ರತೆಗೆ ಕೊಟ್ಟ ಖಾಲಿ ಚೆಕ್ಕುಗಳು ಕೈಗೆ ಬರಬೇಕು. ಮನೆಸಾಲದಂಥ ವೈಯಕ್ತಿಕ ಸಾಲಗಳಲ್ಲಿ ತೀರುವಳಿಯಾದ 30 ದಿನಗಳೊಳಗೆ ಆಸ್ತಿಯ ಮೂಲ ದಾಖಲೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅಡಮಾನ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬಿಡುಗಡೆ ಪತ್ರ ನೋಂದಾಯಿಸಿ, ಹೊಸ ಋಣಭಾರ ಪತ್ರ ತೆಗೆಸಿ ನೋಡಬೇಕು. ಕೃಷಿ ಜಮೀನಾದರೆ ಪಹಣಿಯ ಋಣಗಳ ಅಂಕಣದಿಂದ ಬ್ಯಾಂಕಿನ ಹೆಸರು ಹೋಗಿರಬೇಕು.

ಸಿಬಿಲ್ ವರದಿಯಲ್ಲಿ ಮಾತ್ರ ಇಂಥ ಖಾತೆ ಪೂರ್ತಿ ತೀರಿದ ಸಾಲದಂತೆ ಕಾಣುವುದಿಲ್ಲ. `Closed` ಎಂದಿರಬೇಕಾದಲ್ಲಿ `Settled` ಎಂದಿರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ, ಹೊಸ ಸಾಲ ಕೊಡುವವರು ಅದನ್ನು ಗಮನಿಸುತ್ತಾರೆ. ರಾಜಿ ಮಾಡಿಕೊಂಡ ಬ್ಯಾಂಕಿನಿಂದಲೇ ಹೊಸ ಸಾಲ ಬೇಕಾದರೆ, ಕೃಷಿಯೇತರ ಸಾಲಗಳಲ್ಲಿ ಕನಿಷ್ಠ 12 ತಿಂಗಳು ಕಾಯಬೇಕು. ಮುಂದೆ ಅನುಕೂಲವಾದಾಗ ಬಿಟ್ಟ ಮೊತ್ತವನ್ನು ಕಟ್ಟಿ ವರದಿಯನ್ನು ಬದಲಿಸಿಕೊಡಲು ಕೇಳುವವರೂ ಇದ್ದಾರೆ; ಹಾಗೆ ಮಾಡುವುದಾದರೆ ಬದಲಿಸುತ್ತೇವೆ ಎಂಬ ಬ್ಯಾಂಕಿನ ಪತ್ರವನ್ನು ಮೊದಲು ಪಡೆದು ಆಮೇಲೆ ಹಣ ಕಟ್ಟಬೇಕು.